ನೇರಳೆ ಮುಚ್ಚಳದ ಟ್ಯೂಬ್ ಮೊದಲು ಬೇಡ

ರಕ್ತ ಪರೀಕ್ಷೆಗೆ ಕೈಚಾಚಿ ಕುಳಿತಾಗ ಬಣ್ಣಬಣ್ಣದ ಮುಚ್ಚಳದ ಟ್ಯೂಬ್‌ಗಳನ್ನು ನೀವು ನೋಡಿರುತ್ತೀರಿ. ಒಳಗೆ ಯಾವ ರಾಸಾಯನಿಕವಿದೆ ಎಂಬುದನ್ನು ಆ ಬಣ್ಣ ಸೂಚಿಸುತ್ತದೆ. ಯಾವುದನ್ನು ಮೊದಲು ತುಂಬಬೇಕು, ಯಾವುದನ್ನು ನಂತರ ಎಂಬುದಕ್ಕೂ ಒಂದು ಕ್ರಮವಿದೆ. ಅದು ತಪ್ಪಿದರೆ ಏನಾಗಬಹುದು? ಒಂದು ಉದಾಹರಣೆ ನೋಡೋಣ.

ಅರವತ್ತು ದಾಟಿದ ಒಬ್ಬರು ಮಾಮೂಲಿ ತಪಾಸಣೆಗೆ ರಕ್ತ ಕೊಟ್ಟರು. ವರದಿಯಲ್ಲಿ ಪೊಟ್ಯಾಸಿಯಂ 7.6 ಎಂದಿತ್ತು. ಅದು ಸಾಮಾನ್ಯವಾಗಿ 3.5ರಿಂದ 5ರೊಳಗೆ ಇರಬೇಕು. ಇಷ್ಟು ಏರಿದರೆ ಹೃದಯ ಬಡಿತವೇ ತಪ್ಪಬಹುದು. ಆದರೆ ಅವರು ಆರಾಮವಾಗಿದ್ದರು. ಇಸಿಜಿ ಸರಿಯಿತ್ತು, ಕಿಡ್ನಿಯ ಪರೀಕ್ಷೆಯಲ್ಲೂ ದೋಷವಿರಲಿಲ್ಲ. ವೈದ್ಯರು ಕ್ಯಾಲ್ಸಿಯಂ ಕಡೆ ಕಣ್ಣು ಹಾಯಿಸಿದರು. 9ರ ಆಸುಪಾಸು ಇರಬೇಕಾದದ್ದು 5.1ಕ್ಕೆ ಇಳಿದಿತ್ತು. ಕೂಡಲೇ ಹೊಸದಾಗಿ ರಕ್ತ ತೆಗೆಸಿದರು. ಪೊಟ್ಯಾಸಿಯಂ 4.2, ಕ್ಯಾಲ್ಸಿಯಂ 9.3 ಬಂತು.

ಕಾರಣವಿಷ್ಟೆ. ರಕ್ತಕಣಗಳನ್ನು ಎಣಿಸಲು ಬಳಸುವ ನೇರಳೆ ಮುಚ್ಚಳದ ಟ್ಯೂಬ್‌ನಲ್ಲಿ ಇಡಿಟಿಎ ಎಂಬ ರಾಸಾಯನಿಕದ ಪೊಟ್ಯಾಸಿಯಂ ಲವಣವಿರುತ್ತದೆ. ಅದು ರಕ್ತದ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಂಡು ಹೆಪ್ಪುಗಟ್ಟದಂತೆ ತಡೆಯುತ್ತದೆ. ಅದರ ಅಂಶ ಕೆಂಪು ಅಥವಾ ಹಳದಿ ಮುಚ್ಚಳದ ಟ್ಯೂಬ್‌ಗೆ ಸೇರಿದರೆ ಪೊಟ್ಯಾಸಿಯಂ ಸುಳ್ಳಾಗಿ ಏರುತ್ತದೆ, ಕ್ಯಾಲ್ಸಿಯಂ ಇಳಿದಂತೆ ಕಾಣುತ್ತದೆ. ಲಿವರ್ ಪರೀಕ್ಷೆಯ ಆಲ್ಕಲೈನ್ ಫಾಸ್ಫಟೇಸ್ ಕೂಡ ಕುಸಿಯುತ್ತದೆ. ಈ ಮೂರೂ ಒಟ್ಟಿಗೆ ಕಂಡರೆ ರೋಗಿಗಿಂತ ಮೊದಲು ಟ್ಯೂಬನ್ನೇ ಸಂಶಯಿಸಬೇಕು.

ಆದ್ದರಿಂದಲೇ ಕ್ರಮ ಹೀಗಿದೆ: ಮೊದಲು ಬ್ಲಡ್ ಕಲ್ಚರ್ ಬಾಟಲಿ, ನಂತರ ತಿಳಿನೀಲಿ, ಆಮೇಲೆ ಕೆಂಪು ಅಥವಾ ಹಳದಿ, ಹಸಿರು, ನೇರಳೆ, ಕೊನೆಗೆ ಸಕ್ಕರೆ ಪರೀಕ್ಷೆಯ ಬೂದು. ಸಿರಿಂಜ್‌ನಿಂದ ರಕ್ತ ತೆಗೆದು ಹಂಚುವಾಗ ಸೂಜಿಯ ತುದಿ ನೇರಳೆ ಟ್ಯೂಬಿನ ರಾಸಾಯನಿಕಕ್ಕೆ ತಾಗಿದರೂ ಸಾಕು, ಅದು ಮುಂದಿನ ಟ್ಯೂಬ್‌ಗೆ ಹೋಗಬಹುದು. ರಕ್ತ ಸಾಲಲಿಲ್ಲವೆಂದು ಒಂದು ಟ್ಯೂಬಿನಿಂದ ಇನ್ನೊಂದಕ್ಕೆ ಸುರಿಯುವುದಂತೂ ಇನ್ನೂ ದೊಡ್ಡ ತಪ್ಪು. ನಿರ್ವಾತ ಟ್ಯೂಬ್‌ಗಳಲ್ಲಿ ಸರಿಯಾಗಿ ತೆಗೆದರೆ ಈ ಬೆರಕೆ ಅಪರೂಪ.

ಬೆರಕೆ ತೀರಾ ಕಡಿಮೆಯಿದ್ದಾಗ ಕ್ಯಾಲ್ಸಿಯಂ ಸರಿಯಾಗೇ ಇದ್ದು, ಪೊಟ್ಯಾಸಿಯಂ ಮಾತ್ರ ತುಸು ಏರಬಹುದು. ಆಗ ತಪ್ಪು ಪತ್ತೆಯಾಗುವುದು ಕಷ್ಟ. ಇನ್ನೊಂದು ಅಪಾಯವೂ ಇದೆ. ನಿಜವಾಗಿ ಪೊಟ್ಯಾಸಿಯಂ ಕಡಿಮೆಯಾಗಿರುವವರ ವರದಿ ಸರಿಯಿದೆ ಎಂದು ತೋರಿ, ಅವರಿಗೆ ಸಿಗಬೇಕಾದ ಚಿಕಿತ್ಸೆ ತಪ್ಪಿಹೋಗಬಹುದು.

ಹಾಗೆಂದು ಪೊಟ್ಯಾಸಿಯಂ ಏರಿದ ವರದಿಯನ್ನು ನೀವಾಗಿಯೇ ತಳ್ಳಿಹಾಕಬೇಡಿ. ಅದೇ ದಿನ ವೈದ್ಯರಿಗೆ ತೋರಿಸಿ. ನೇರಳೆ ಟ್ಯೂಬನ್ನು ಮೊದಲು ತುಂಬಿದ್ದು ಅಥವಾ ಅದರಿಂದ ರಕ್ತ ಸುರಿದದ್ದು ನಿಮ್ಮ ಕಣ್ಣಿಗೆ ಬಿದ್ದಿದ್ದರೆ ಅದನ್ನೂ ಹೇಳಿ. ಇಸಿಜಿ ಮತ್ತು ಹೊಸ ರಕ್ತದ ಪರೀಕ್ಷೆ ನಿಜವೇನೆಂದು ತಿಳಿಸುತ್ತವೆ.