ದೊಡ್ಡ ಬಿಲ್ಲಿಗೆ ಕಂತು ಕೇಳುವ ಪತ್ರ

ಪೀಣ್ಯದ ಒಂದು ಸಣ್ಣ ಕಾರ್ಖಾನೆ ದೊಡ್ಡ ಕಂಪನಿಗೆ 20 ಲಕ್ಷ ರೂಪಾಯಿಯ ಬಿಡಿಭಾಗ ಮಾಡಿಕೊಟ್ಟಿದೆ ಎಂದುಕೊಳ್ಳಿ. ಶೇ. 18ರ ಜಿಎಸ್‌ಟಿ 3.6 ಲಕ್ಷ ಸೇರಿ ಬಿಲ್ 23.6 ಲಕ್ಷ. ಮಾಲು ಜೂನ್ 10ಕ್ಕೆ ತಲುಪಿದೆ, ಬಿಲ್ಲಿನ ತಾರೀಖೂ ಅದೇ. 45 ದಿನದ ಗಡುವು ಜುಲೈ 25ಕ್ಕೆ ಮುಗಿಯುತ್ತದೆ. ಆದರೆ ಅಷ್ಟು ಹಣ ಒಟ್ಟಿಗೆ ಬರುವ ಲಕ್ಷಣವಿಲ್ಲ.

ಇಂಥ ಹೊತ್ತಿನಲ್ಲಿ ಮಾಲೀಕರು ಸಾಮಾನ್ಯವಾಗಿ ಫೋನ್ ಮಾಡಿ, 'ಸ್ವಲ್ಪ ಬೇಗ ನೋಡಿ ಸಾರ್' ಎನ್ನುತ್ತಾರೆ. ಅದರಿಂದ ದಾಖಲೆ ಉಳಿಯುವುದಿಲ್ಲ. ಕಂತಿನಲ್ಲಾದರೂ ಕೊಡಿ ಎಂದು ಜುಲೈ ಮೊದಲ ವಾರದಲ್ಲೇ ಪತ್ರ ಬರೆಯುವುದು ಮೇಲು.

ಕಂತು ಹೇಗೆ ಹಂಚಬೇಕು? ತಿಂಗಳಿಗೊಮ್ಮೆ ರಿಟರ್ನ್ ಸಲ್ಲಿಸುವವರು, ಹಣ ಕೈಗೆ ಬರಲಿ ಬಿಡಲಿ, ಜೂನ್ ಬಿಲ್ಲಿನ ಜಿಎಸ್‌ಟಿಯನ್ನು ಜುಲೈ 20ರೊಳಗೆ ಕಟ್ಟಬೇಕು. ಆದ್ದರಿಂದ ತೆರಿಗೆಯ ಹಣ ಪೂರ್ತಿ ಮೊದಲ ಕಂತಿನಲ್ಲೇ ಬರಬೇಕು. ಪತ್ರದ ಮುಖ್ಯ ಭಾಗ ಹೀಗಿರಬಹುದು:

'ನಿಮ್ಮ ಪರ್ಚೇಸ್ ಆರ್ಡರ್‌ನಂತೆ ಜೂನ್ 10ರಂದು ಸರಬರಾಜು ಮಾಡಿದ ಮಾಲಿನ ಬಿಲ್ 23.6 ಲಕ್ಷ ರೂ. ಜುಲೈ 15ಕ್ಕೆ ಜಿಎಸ್‌ಟಿ ಸೇರಿ 8.6 ಲಕ್ಷ, ಆಗಸ್ಟ್, ಸೆಪ್ಟೆಂಬರ್, ಅಕ್ಟೋಬರ್ 15ರಂದು ತಲಾ 5 ಲಕ್ಷ ಪಾವತಿಸಬೇಕೆಂದು ಕೋರುತ್ತೇವೆ. ಕಂತಿಗೆ ಒಪ್ಪಿದರೂ ತಡವಾದ ಹಣದ ಬಡ್ಡಿಯ ಹಕ್ಕನ್ನು ಬಿಟ್ಟುಕೊಟ್ಟಂತಲ್ಲ. ಬಾಕಿಯನ್ನೂ ಈ ತಾರೀಖುಗಳನ್ನೂ ಒಪ್ಪಿ ಸಹಿ ಮಾಡಿ ಕಳುಹಿಸಿ.'

ಬಡ್ಡಿಯ ವಾಕ್ಯಕ್ಕೆ 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಬಲವಿದೆ. ಒಪ್ಪಂದದಲ್ಲಿ ಏನೇ ಬರೆದಿರಲಿ, ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗೆ 45 ದಿನ ಮೀರಿ ಹಣ ತಡೆಹಿಡಿಯುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಬೀಳುತ್ತದೆ. ಇದು ಸಿಗಬೇಕಾದರೆ ಮಾಲು ಕೊಡುವ ಮೊದಲೇ ಉದ್ಯಮ್ ನೋಂದಣಿ ಆಗಿರಬೇಕು. ಆ ಸಂಖ್ಯೆಯನ್ನೂ ಪತ್ರದಲ್ಲಿ ಬರೆಯಬೇಕು.

ಗ್ರಾಹಕ ಕಂಪನಿಗೂ ಇದರಲ್ಲಿ ಅನುಕೂಲವಿದೆ. ಬಿಲ್ಲಿನ ತಾರೀಖಿನಿಂದ 180 ದಿನದೊಳಗೆ ಹಣ ಕೊಡದಿದ್ದರೆ ಅದು ಪಡೆದ ಜಿಎಸ್‌ಟಿ ಕ್ರೆಡಿಟ್ಟನ್ನು ಬಡ್ಡಿ ಸಮೇತ ಹಿಂದಿರುಗಿಸಬೇಕು. ನಮ್ಮ ಉದಾಹರಣೆಯಲ್ಲಿ ಆ ಗಡುವು ಡಿಸೆಂಬರ್ 7. ಕೊನೆಯ ಕಂತು ಅದಕ್ಕೆ ಮೊದಲೇ ಮುಗಿಯುತ್ತದೆ. ಅಕೌಂಟ್ಸ್ ವಿಭಾಗಕ್ಕೆ ಇದನ್ನು ವಿನಯದಿಂದಲೇ ನೆನಪಿಸಬಹುದು.

ಪತ್ರ ಕಳಿಸುವ ಮೊದಲು, ಮಾಲು ಬಂದಿದೆ ಎಂದು ಅವರ ಸ್ಟೋರ್ಸ್ ದಾಖಲಿಸಿದೆಯೇ ಎಂದು ಕೇಳಿಕೊಳ್ಳಬೇಕು. ಆ ರಸೀದಿ ಆಗದಿದ್ದರೆ ಬಿಲ್ ಅಕೌಂಟ್ಸ್ ವಿಭಾಗದಲ್ಲಿ ಮುಂದಕ್ಕೆ ಹೋಗುವುದೇ ಇಲ್ಲ.

ಎಲ್ಲಕ್ಕಿಂತ ಬೆಲೆಯುಳ್ಳದ್ದು ಗ್ರಾಹಕರ ಸಹಿ. ಬಾಕಿ ವಸೂಲಿಗೆ ದಾವೆ ಹೂಡಲು ಸಾಮಾನ್ಯವಾಗಿ ಮೂರು ವರ್ಷದ ಕಾಲಮಿತಿ ಇದೆ. ಅದು ಮುಗಿಯುವ ಮೊದಲು ಸಾಲವನ್ನು ಬರಹದಲ್ಲಿ ಒಪ್ಪಿ ಸಹಿ ಹಾಕಿದರೆ, ಆ ದಿನದಿಂದ ಮೂರು ವರ್ಷ ಹೊಸದಾಗಿ ಎಣಿಕೆಯಾಗುತ್ತದೆ. ಕಂತು ತಪ್ಪಿ, ಮಾತು ಮುರಿದು, ಎಂಎಸ್‌ಎಂಇ ಸೌಲಭ್ಯ ಮಂಡಳಿಗೆ ದೂರು ಕೊಡಬೇಕಾಗಿ ಬಂದರೆ, ಮಾಲಿನ ಗುಣಮಟ್ಟ ಸರಿಯಿರಲಿಲ್ಲ ಎಂಬ ತಡವಾದ ತಕರಾರಿಗೆ ಈ ಸಹಿಯೇ ಉತ್ತರವಾಗಿ ನಿಲ್ಲುತ್ತದೆ.