ಆರು ಗಂಟೆ ಎಂದ ಬ್ಯಾಟರಿ ಮೂರೂವರೆಗೇ ಕೈಕೊಡುವುದೇಕೆ?

ಮಳೆಗಾಲದಲ್ಲಿ ಮಲೆನಾಡಿನಲ್ಲಿ ಲೈನಿನ ಮೇಲೆ ಮರ ಬಿದ್ದರೆ ಕರೆಂಟು ಯಾವಾಗ ಬರುತ್ತದೆಂದು ಹೇಳಲಾಗದು. ಅಂಥ ಊರಿನ ಒಂದು ಮನೆಯ ಲೆಕ್ಕ ನೋಡೋಣ. 75 ವ್ಯಾಟ್‌ನ ಮೂರು ಫ್ಯಾನು, 9 ವ್ಯಾಟ್‌ನ ಐದು ಎಲ್‌ಇಡಿ ಬಲ್ಬು, ವೈಫೈ, ಮೊಬೈಲ್ ಚಾರ್ಜರ್: ಎಲ್ಲ ಸೇರಿ ಸುಮಾರು 300 ವ್ಯಾಟ್.

ಅಂಗಡಿಯಲ್ಲಿ 150 ಎಎಚ್ ಬ್ಯಾಟರಿ ತೋರಿಸುತ್ತಾರೆ. 12 ವೋಲ್ಟ್‌ನಿಂದ ಗುಣಿಸಿದರೆ 1800. ಅದನ್ನು 300ರಿಂದ ಭಾಗಿಸಿದರೆ ಆರು ಗಂಟೆ. ಆದರೆ ಇನ್ವರ್ಟರೇ ಸುಮಾರು ಐದನೇ ಒಂದು ಭಾಗ ನುಂಗುತ್ತದೆ. ಜೊತೆಗೆ, ಆ 150 ಎಂಬುದು ಸಾಮಾನ್ಯವಾಗಿ ಬ್ಯಾಟರಿಯನ್ನು 20 ಗಂಟೆ ಕಾಲ ನಿಧಾನವಾಗಿ ಖಾಲಿ ಮಾಡಿದಾಗ ಸಿಗುವ ಅಳತೆ. ನಾಲ್ಕು ಗಂಟೆಯಲ್ಲೇ ಹೀರಿದರೆ ಅಷ್ಟು ಸಿಗುವುದಿಲ್ಲ. ಹೀಗಾಗಿ ಹೊಸ ಬ್ಯಾಟರಿಯೂ ಮೂರೂವರೆ, ಹೆಚ್ಚೆಂದರೆ ನಾಲ್ಕು ಗಂಟೆ ಬಾಳುತ್ತದೆ. ವರ್ಷಗಳು ಕಳೆದಂತೆ ಅದೂ ಇಳಿಯುತ್ತದೆ.

ಇದಕ್ಕೆ ಎರಡನೇ ಬ್ಯಾಟರಿಯೇ ಬೇಕೆಂದಿಲ್ಲ. ಆ ಮೂರು ಫ್ಯಾನುಗಳ ಜಾಗಕ್ಕೆ 30 ವ್ಯಾಟ್‌ನ ಬಿಎಲ್‌ಡಿಸಿ ಫ್ಯಾನು ಹಾಕಿದರೆ ಲೋಡು 165 ವ್ಯಾಟ್‌ಗೆ ಇಳಿಯುತ್ತದೆ. ಅದೇ ಬ್ಯಾಟರಿ ಏಳು ಗಂಟೆಯ ಆಸುಪಾಸು ನಡೆಯುತ್ತದೆ.

ಪದೇ ಪದೇ ಕರೆಂಟು ಹೋಗುವಲ್ಲಿ ಬ್ಯಾಟರಿ ತುಂಬಿಕೊಳ್ಳಲು ಸಮಯ ಸಿಗುತ್ತದೆಯೇ ಎಂಬುದೂ ಮುಖ್ಯ. ಪೂರ್ತಿ ಇಳಿದ 150 ಎಎಚ್ ಬ್ಯಾಟರಿ 15 ಆಂಪಿಯರ್ ಚಾರ್ಜರ್‌ನಲ್ಲಿ ತುಂಬಲು 10ರಿಂದ 12 ಗಂಟೆ ಬೇಕು. ದಿನವೂ ಅರೆಬರೆ ತುಂಬಿದರೆ ಸೀಸದ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ. ಚಾರ್ಜ್ ಬೇಗ ಫುಲ್ ಎಂದು ತೋರಿಸಿ ಅಷ್ಟೇ ಬೇಗ ಇಳಿದರೆ ಅದೇ ಆಗಿರಬಹುದು. ಫ್ಲಾಟ್ ಪ್ಲೇಟ್ ಬ್ಯಾಟರಿ ಅಗ್ಗವಾದರೂ ಅಪರೂಪಕ್ಕೆ ಕರೆಂಟು ಹೋಗುವ ಮನೆಗೇ ಸರಿ. ಇಲ್ಲಿಗೆ ಟಾಲ್ ಟ್ಯೂಬುಲರ್ ಬೇಕು. ದಿನಕ್ಕೆ ಹಲವು ಸಲ ಹೋಗಿಬಂದು, ನಡುವೆ ಎರಡು ಮೂರು ಗಂಟೆಯಷ್ಟೇ ಕರೆಂಟು ಇರುವುದಾದರೆ, ಬೆಲೆ ಹೆಚ್ಚಾದರೂ ಲಿಥಿಯಂ ಒಳ್ಳೆಯದು. ಅರೆಬರೆ ಚಾರ್ಜ್ ಅದಕ್ಕೆ ಕೆಡುಕಲ್ಲ, ನೀರೂ ಬೇಡ. ಆದರೆ ಇರುವ ಇನ್ವರ್ಟರ್ ಲಿಥಿಯಂಗೆ ಹೊಂದುತ್ತದೆಯೇ, ಎಷ್ಟು ಆಂಪಿಯರ್‌ನಲ್ಲಿ ಚಾರ್ಜ್ ಮಾಡುತ್ತದೆ ಎಂದು ಮೊದಲೇ ಕೇಳಿ.

ವಾರಂಟಿ 60 ತಿಂಗಳು ಎಂದಿದ್ದರೆ ಅದನ್ನು ಬಿಡಿಸಿ ಓದಿ. 36 ತಿಂಗಳು ಉಚಿತ ಬದಲಾವಣೆ, ಉಳಿದ 24 ತಿಂಗಳು ಪ್ರೊ-ರೇಟಾ ಎಂದು ಇರಬಹುದು. ಪ್ರೊ-ರೇಟಾ ಅವಧಿಯಲ್ಲಿ ಸಿಗುವುದು ಹೊಸ ಬ್ಯಾಟರಿಯ ಮೇಲೆ ರಿಯಾಯಿತಿ ಮಾತ್ರ. ಎರಡು ಬ್ಯಾಟರಿ ಹೋಲಿಸುವಾಗ ಉಚಿತ ಬದಲಾವಣೆಯ ತಿಂಗಳುಗಳನ್ನೇ ಎಣಿಸಿ. ತಯಾರಾದ ತಿಂಗಳು ನೋಡಿ, ಕಾರ್ಡಿಗೆ ಸೀಲು ಹಾಕಿಸಿ, ಬಿಲ್ಲು ಜೋಪಾನವಾಗಿಡಿ. ಟ್ಯೂಬುಲರ್‌ಗೆ ನಲ್ಲಿ ನೀರು ಹಾಕಬೇಡಿ. ಡಿಸ್ಟಿಲ್ಡ್ ವಾಟರನ್ನೇ ಹಾಕಿ. ನಲ್ಲಿ ನೀರಿನಿಂದ ಕೆಟ್ಟ ಬ್ಯಾಟರಿಗೆ ವಾರಂಟಿ ಸಿಗುವುದು ಕಷ್ಟ.