ಕಾಲರೇಖೆ: ‘ಆಮೇಲೆ’ ಮತ್ತು ‘ಆದುದರಿಂದ’

“ರೈಲು ಮೇಟ್ಟುಪಾಳಯಂಗೆ ಬಂದು ಕೂನೂರಿಗೆ ಏರಿತು.” ಈ ವಾಕ್ಯದಲ್ಲಿರುವ ‘ಬಂದು’ ಎಂಬ ರೂಪ ಬರಿಯ ಕ್ರಮವನ್ನು ಹೇಳುತ್ತದೆಯೋ, ಕಾರಣವನ್ನೂ ಸೂಚಿಸುತ್ತದೆಯೋ? ಕನ್ನಡದ ಭೂತಕೃದಂತ ಇವೆರಡನ್ನೂ ಒಂದೇ ಪದದಲ್ಲಿ ಅಡಗಿಸಿಬಿಡುತ್ತದೆ. ಆರನೆಯ ತರಗತಿಯ ಇತಿಹಾಸ ಪಾಠದಲ್ಲಿ ಇವೆರಡನ್ನು ಬಿಡಿಸಿ ತೋರಿಸುವುದಕ್ಕೆ ಕಾಲರೇಖೆ ಒದಗುತ್ತದೆ. ಕಟ್ಟಬೆಟ್ಟಿನ ಮಕ್ಕಳಿಗೆ ನೀಲಗಿರಿಯ ಚರಿತ್ರೆಯೇ ಸಾಮಗ್ರಿಯಾಗಲಿ.

ಗೋಡೆಗೆ ಎರಡು ಮೀಟರ್ ಉದ್ದದ ಹಗ್ಗವನ್ನು ಬಿಗಿದು, ವರ್ಷಕ್ಕೆ ಒಂದು ಸೆಂಟಿಮೀಟರ್ ಎಂದು ಗೊತ್ತುಮಾಡಬೇಕು. ಟಿಪ್ಪು ಮಡಿದ 1799 ಮೊದಲ ಗುರುತು. ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲ್ಲಿವನ್ ಬೆಟ್ಟಕ್ಕೆ ಬಂದ 1819 ಇಪ್ಪತ್ತನೆಯ ಸೆಂಟಿಮೀಟರಿನಲ್ಲಿ ಬೀಳುತ್ತದೆ; ಮೇಟ್ಟುಪಾಳಯಂಗೆ ರೈಲು ಬಂದ 1873 ಎಪ್ಪತ್ತನಾಲ್ಕರಲ್ಲಿ, ಕೂನೂರಿಗೆ ಏರಿದ 1899 ನೂರರಲ್ಲಿ, ಉದಕಮಂಡಲವನ್ನು ಮುಟ್ಟಿದ 1908 ನೂರೊಂಬತ್ತರಲ್ಲಿ, ರಾಜ್ಯಗಳ ಪುನರ್ವಿಂಗಡಣೆಯ 1956 ನೂರೈವತ್ತೇಳರಲ್ಲಿ. ಗಂಟು ಹಾಕಿದರೆ ಹಗ್ಗ ಕುಗ್ಗಿ ಅಳತೆ ಕೆಡುವುದರಿಂದ ಚೀಟಿಗಳನ್ನು ಕ್ಲಿಪ್ಪಿನಿಂದ ಸಿಕ್ಕಿಸುವುದು ಲೇಸು.

ಮಕ್ಕಳು ಸಾಮಾನ್ಯವಾಗಿ ಚೀಟಿಗಳನ್ನು ಸಮಾನ ಅಂತರದಲ್ಲಿ ತೂಗುಹಾಕುತ್ತಾರೆ. ಆಗ ಅದು ಪಟ್ಟಿಯಾಗುತ್ತದೆಯೇ ಹೊರತು ಕಾಲರೇಖೆಯಾಗುವುದಿಲ್ಲ. 1899–1908ರ ನಡುವಿನ ಅಂತರವೂ 1819–1873ರದೂ ಒಂದೇ ಆಗಿದ್ದರೆ ತಪ್ಪು ಕೂಡಲೇ ಗೊತ್ತಾಗುತ್ತದೆ.

ಅಳತೆ ಸರಿಯಾದಾಗ ಬರಿದಾದ ಜಾಗವೇ ಪ್ರಶ್ನೆ ಕೇಳತೊಡಗುತ್ತದೆ. ರೈಲು ಬೆಟ್ಟದ ಬುಡಕ್ಕೆ ಬಂದ ಮೇಲೆ ಕೂನೂರಿಗೆ ಏರಲು ಇಪ್ಪತ್ತಾರು ವರ್ಷ ಏಕೆ ಬೇಕಾಯಿತು? ಹನ್ನೆರಡೂವರೆ ಅಡಿಗೆ ಒಂದು ಅಡಿ ಏರುವ ಕಡಿದಾದ ದಾರಿಯಲ್ಲಿ ಸಾಮಾನ್ಯ ಹಳಿಯ ಮೇಲೆ ಗಾಲಿ ಜಾರುತ್ತದೆ. ನಡುವೆ ಹಲ್ಲಿನ ಹಳಿ ಬೇಕು. ಮೊದಲು ಕೆಲಸ ಹಿಡಿದ ಕಂಪನಿ ಬಂಡವಾಳ ಸಾಲದೆ ಮುಚ್ಚಿತು. ಮೇಟ್ಟುಪಾಳಯಂನ ರೈಲು ಮುಂದಿನದಕ್ಕೆ ಆಧಾರವಾಯಿತು ನಿಜ. ಆದರೆ ಅದೊಂದೇ ಸಾಕಾಗಲಿಲ್ಲ.

ಆದ್ದರಿಂದ ಪಕ್ಕಪಕ್ಕದ ಪ್ರತಿ ಜೋಡಿ ಚೀಟಿಗೂ ಒಂದು ಪ್ರಶ್ನೆ ಹಾಕಬೇಕು: ಮೊದಲಿನದು ನಡೆಯದಿದ್ದರೆ ಎರಡನೆಯದು ನಡೆಯುತ್ತಿತ್ತೇ? ‘ಇಲ್ಲ’ ಎಂದು ಕಾರಣಸಹಿತ ಹೇಳಬಲ್ಲವರು ಮಾತ್ರ ಎರಡರ ನಡುವೆ ಕೆಂಪು ದಾರ ಕಟ್ಟಲಿ. 1799ರಲ್ಲಿ ಈ ಸೀಮೆ ಕಂಪನಿಯ ಕೈಸೇರದಿದ್ದರೆ ಕಂಪನಿಯ ಕಲೆಕ್ಟರ್ ಇಲ್ಲಿಗೆ ಬರುತ್ತಿರಲಿಲ್ಲ. ಅಲ್ಲಿ ದಾರ ನಿಲ್ಲುತ್ತದೆ. ಆದರೂ ಅವನು 1819ರಲ್ಲೇ ಏಕೆ ಬಂದನೆಂಬುದನ್ನು ಆ ದಾರ ವಿವರಿಸುವುದಿಲ್ಲ. 1908 ಮತ್ತು 1956 ನೆರೆಹೊರೆಯಲ್ಲಿದ್ದರೂ ಅಲ್ಲಿ ದಾರಕ್ಕೆ ಎಡೆಯಿಲ್ಲ. ಭಾಷಾವಾರು ವಿಂಗಡಣೆಯ ಕಾರಣಗಳು ಈ ಹಗ್ಗದ ಹೊರಗಿವೆ.

ಕೊನೆಗೆ ಮಕ್ಕಳು ಪ್ರತಿ ಜೋಡಿಗೂ ಒಂದೊಂದು ವಾಕ್ಯ ಬರೆಯಲಿ; ದಾರವಿದ್ದಲ್ಲಿ ‘ಆದುದರಿಂದ’, ಇಲ್ಲದಲ್ಲಿ ‘ಆಮೇಲೆ’. ‘ಬಂದು’, ‘ಆಗಿ’ಗಳಿಗೆ ಅಂದು ಮಾತ್ರ ರಜೆ.